ತಿಂಡಿ, ಅಂಕ ಮತ್ತು ಸರಾಸರಿಯ ಲೆಕ್ಕ

"ತಿಂಡಿ ತಿಂದು ಹೋಗು, ಖಾಲಿ ಹೊಟ್ಟೆಯಲ್ಲಿ ಪಾಠ ತಲೆಗೆ ಹತ್ತುವುದಿಲ್ಲ." ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಇದು ಎಷ್ಟು ನಿಜ ಎಂದು ತಿಳಿಯಲು ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಎಲ್ಲವನ್ನೂ ಕೂಡಿಸಿ ಒಂದೇ ಉತ್ತರ ಹೇಳಲು ಬರುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಹಲವು ಅಧ್ಯಯನಗಳ ಫಲಿತಾಂಶವನ್ನು ಒಂದೇ ಅಂಕಿಗೆ ಇಳಿಸುವ ಲೆಕ್ಕಕ್ಕೆ ಅಮೆರಿಕದ ಜೀನ್ ಗ್ಲಾಸ್ 1976ರಲ್ಲಿ 'ಮೆಟಾ ಅನಾಲಿಸಿಸ್' ಎಂದು ಹೆಸರಿಟ್ಟರು. ಇದು ಒಂದು ಬಗೆಯ ಸರಾಸರಿ. ಹೆಚ್ಚು ನಿಖರವಾದ ಅಧ್ಯಯನಕ್ಕೆ ಇದರಲ್ಲಿ ಹೆಚ್ಚು ತೂಕ. ಒಂದೇ ಕಾಯಿಲೆಗೆ ಒಂದೇ ಔಷಧವನ್ನು ಹತ್ತು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ್ದರೆ ಈ ಲೆಕ್ಕ ಬಲು ಉಪಯುಕ್ತ. ಬೆಳಗಿನ ತಿಂಡಿಯ ವಿಷಯ ಅಷ್ಟು ಸರಳವಲ್ಲ.

ಜಮೈಕಾದ ನಾಲ್ಕು ಗ್ರಾಮೀಣ ಶಾಲೆಗಳ ಅಧ್ಯಯನವೊಂದು 1996ರಲ್ಲಿ ಪ್ರಕಟವಾಯಿತು. ತಿಂಡಿ ಕೊಟ್ಟಾಗ ಸೌಕರ್ಯ ಚೆನ್ನಾಗಿದ್ದ ಒಂದು ಶಾಲೆಯಲ್ಲಿ ಮಕ್ಕಳ ಗಮನ ಪಾಠದ ಮೇಲೆ ಹೆಚ್ಚಿತು. ಸೌಕರ್ಯ ಕಡಿಮೆಯಿದ್ದ ಉಳಿದ ಶಾಲೆಗಳಲ್ಲಿ ತರಗತಿಯ ನಡವಳಿಕೆ ಕೆಟ್ಟಿತು! ಒಂದು ಕಡೆಯ ಏರಿಕೆಯನ್ನೂ ಇನ್ನೊಂದು ಕಡೆಯ ಇಳಿಕೆಯನ್ನೂ ಕೂಡಿ ಸರಾಸರಿ ತೆಗೆದರೆ 'ಅಂಥ ಪರಿಣಾಮವೇನಿಲ್ಲ' ಎಂಬ ಉತ್ತರ ಬಂದೀತು. ಆ ಉತ್ತರ ಯಾವ ಶಾಲೆಗೂ ಸಲ್ಲದು. ತಿಂಡಿಯ ಫಲ ತರಗತಿಯ ಸ್ಥಿತಿಯನ್ನೂ ಅವಲಂಬಿಸಿದೆ ಎಂಬ ಮುಖ್ಯ ಸಂಗತಿಯೇ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಅದೇ ದೇಶದ, 1998ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 16 ಶಾಲೆಗಳ 814 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳಿಗೆ ಇಡೀ ಶಾಲಾ ವರ್ಷ ತಿಂಡಿ, ಉಳಿದವರಿಗೆ ಕಾಲು ಭಾಗ ಕಿತ್ತಳೆ. ತಿಂಡಿ ತಿಂದವರ ಹಾಜರಾತಿ ಹೆಚ್ಚಿತು. ಚಿಕ್ಕ ಮಕ್ಕಳು ಲೆಕ್ಕದಲ್ಲಿ ಸುಧಾರಿಸಿದರು. ಮೊದಲ ಅಧ್ಯಯನ ಅಳೆದದ್ದು ನಡವಳಿಕೆ, ಇದು ಅಳೆದದ್ದು ಕಲಿಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ಆದ್ದರಿಂದ ಲೆಕ್ಕಕ್ಕೆ ಕೂರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಎಲ್ಲ ಅಧ್ಯಯನಗಳೂ ಒಂದೇ ಪ್ರಶ್ನೆ ಕೇಳಿವೆಯೇ? ಅಳೆದದ್ದು ಒಂದೇ ಬಗೆಯ ಫಲಿತಾಂಶವೇ? ಸರಾಸರಿ, ಏರಿಳಿತ, ಮಕ್ಕಳ ಸಂಖ್ಯೆ ಮುಂತಾದ ಅಂಕಿಗಳು ವರದಿಯಲ್ಲಿ ಸಿಗುತ್ತವೆಯೇ? ಅಂಕಿ ಇಲ್ಲದಿದ್ದರೆ ಮೊದಲು ಲೇಖಕರಿಗೆ ಬರೆದು ಕೇಳಬೇಕು. ಕೆಲವು ಅಧ್ಯಯನಗಳಾದರೂ ಹೊಂದಿಕೊಂಡರೆ ಅವಷ್ಟನ್ನೇ ಕೂಡಿಸಬಹುದು. ಫಲಿತಾಂಶಗಳು ಬೇರೆಬೇರೆಯಾಗಿವೆ ಎಂಬುದೊಂದೇ ಲೆಕ್ಕ ಕೈಬಿಡಲು ಕಾರಣವಾಗದು. ಏಕೆ ಬೇರೆಯಾದವು ಎಂದು ಹುಡುಕಬೇಕು.

ಸರಾಸರಿ ಹೊಂದದಿದ್ದರೆ ಉಳಿಯುವ ದಾರಿ ಕ್ರಮಬದ್ಧ ನಿರೂಪಣೆ. ಹಾಗೆಂದು ಮನಸ್ಸಿಗೆ ಬಂದದ್ದನ್ನು ಬರೆಯುವುದಲ್ಲ. ತಿಂಡಿ ಕಲಿಕೆಗೆ ಹೇಗೆ ನೆರವಾದೀತು ಎಂಬ ಊಹೆಯನ್ನು ಮೊದಲೇ ಬರೆದಿಡಬೇಕು: ಹಸಿವು ನೀಗಿಯೋ, ಹಾಜರಾತಿ ಹೆಚ್ಚಿಯೋ? ಆ ಊಹೆಗೆ ತಕ್ಕಂತೆ ಗುಂಪು ಮಾಡಬೇಕು: ಒಂದು ದಿನದ ತಿಂಡಿ, ದಿನನಿತ್ಯದ ಅಭ್ಯಾಸ, ಶಾಲೆಯ ತಿಂಡಿ ಯೋಜನೆ. ಪ್ರತಿ ಗುಂಪಿಗೂ ಒಂದು ಪಟ್ಟಿ. ಅದರಲ್ಲಿ ಯಾರು, ಎಷ್ಟು ಮಕ್ಕಳು, ಏನು ಅಳೆದರು, ಫಲಿತಾಂಶ ಯಾವ ದಿಕ್ಕಿಗೆ, ಅಧ್ಯಯನ ಎಷ್ಟು ನಂಬಲರ್ಹ ಎಂಬ ವಿವರ. ಆಮೇಲೆ ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಓಟು ಎಣಿಸುವುದು. 'ಐದು ಅಧ್ಯಯನಗಳಲ್ಲಿ ಗಮನಾರ್ಹ ಪರಿಣಾಮ ಕಂಡಿತು, ಏಳರಲ್ಲಿ ಕಾಣಲಿಲ್ಲ, ಹಾಗಾಗಿ ಪರಿಣಾಮವಿಲ್ಲ' ಎನ್ನುವುದು. ಮೂವತ್ತು ಮಕ್ಕಳ ಸಣ್ಣ ಅಧ್ಯಯನದಲ್ಲಿ ನಿಜವಾದ ಪರಿಣಾಮವೂ ಕಣ್ಣು ತಪ್ಪಬಹುದು. ಇನ್ನೊಂದು ತಪ್ಪು, ಹಿಡಿಸಿದ ಅಧ್ಯಯನವನ್ನಷ್ಟೇ ವಿವರಿಸುವುದು. ಪಟ್ಟಿಯಲ್ಲಿರುವ ಅಧ್ಯಯನಗಳೆಲ್ಲ ಬರಹದಲ್ಲೂ ಬಂದಿವೆಯೇ ಎಂದು ನೋಡಿದರೆ ಇದು ಸಿಕ್ಕಿಬೀಳುತ್ತದೆ. 2020ರಲ್ಲಿ ಪ್ರಕಟವಾದ 'ಸ್ವಿಮ್' ಎಂಬ ಒಂಬತ್ತು ಅಂಶಗಳ ಮಾರ್ಗಸೂಚಿ, ಗುಂಪು ಮಾಡಿದ್ದು ಹೇಗೆ, ಏಕೆ ಎಂಬುದನ್ನು ಬಿಚ್ಚಿ ಹೇಳಬೇಕೆನ್ನುತ್ತದೆ.

ತಿಂಡಿಯ ಪ್ರಶ್ನೆಗೆ ಇಂಥ ಉತ್ತರ ಬಂದದ್ದು ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದಿಂದ. 2013ರಲ್ಲಿ ಅಲ್ಲಿನ ಸಂಶೋಧಕರು 36 ಲೇಖನಗಳನ್ನು ಪರಿಶೀಲಿಸಿ, ಒಂದೇ ಅಂಕಿ ಕೊಡದೆ, ವಿಂಗಡಿಸಿ ಹೇಳಿದರು. ತರಗತಿಯ ಗಮನದ ಮೇಲೆ ತಿಂಡಿಯ ಪರಿಣಾಮ ಬಹುಪಾಲು ಒಳ್ಳೆಯದು. ಅಂಕಗಳ ವಿಷಯದಲ್ಲಿ ಫಲ ಹೆಚ್ಚು ಸ್ಪಷ್ಟವಾಗಿ ಕಂಡದ್ದು ಗಣಿತದಲ್ಲಿ, ಅದೂ ಪೋಷಣೆ ಕಡಿಮೆಯಿರುವ ಮಕ್ಕಳಲ್ಲಿ. ದಿನವೂ ತಿಂಡಿ ತಿನ್ನುವ ಮಕ್ಕಳ ಅಂಕ ಹೆಚ್ಚಿರುವುದಕ್ಕೆ ಮನೆಯ ಆರ್ಥಿಕ ಸ್ಥಿತಿಯೂ ಒಂದು ಕಾರಣವಿರಬಹುದು ಎಂದೂ ಅವರು ಎಚ್ಚರಿಸಿದರು.

ಈ ಉತ್ತರ ಒಂದು ಅಂಕಿಯಷ್ಟು ಚುಟುಕಾಗಿಲ್ಲ. ಆದರೆ ತಿಂಡಿ ಯಾವ ಮಗುವಿಗೆ, ಯಾವ ತರಗತಿಯಲ್ಲಿ ನೆರವಾದೀತು ಎಂಬುದನ್ನು ಹೇಳುತ್ತದೆ. ಪಾಲಕರಿಗೂ ಮೇಷ್ಟರಿಗೂ ಬೇಕಿರುವುದು ಅದೇ.