ಮುಳ್ಳಿನ ಮೀಟರಿನ ಛಾಯಾಚಿತ್ರ ಮತ್ತು ಯೂನಿಟ್ ಲೆಕ್ಕ

ಬಾಡಿಗೆ ಷೆಡ್ಡುಗಳಲ್ಲಿ ಹಳೆಯ ಮುಳ್ಳಿನ ಸಬ್‌ಮೀಟರ್ ಉಳಿದಿದ್ದರೆ, ಮಾಸಾಂತ್ಯದಲ್ಲಿ ತೆಗೆದ ಅದರ ಛಾಯಾಚಿತ್ರವೇ ಲೆಕ್ಕಕ್ಕೆ ಆಧಾರ. ಇದರಲ್ಲಿ ಅಕ್ಕಪಕ್ಕದ ಡಯಲುಗಳ ಮುಳ್ಳುಗಳು ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಮುಳ್ಳು ಎರಡು ಅಂಕಿಗಳ ನಡುವೆ ಇದ್ದರೆ ದಾಟಿದ ಅಂಕಿಯನ್ನೇ ಬರೆಯತಕ್ಕದ್ದು. 9 ಮತ್ತು 0 ನಡುವೆ ಇದ್ದರೆ 9.

ತೊಡಕು ಬರುವುದು ಮುಳ್ಳು ಅಂಕಿಯ ಮೇಲೆಯೇ ನಿಂತಂತೆ ಕಂಡಾಗ. ಓರೆಯಾಗಿ ತೆಗೆದ ಚಿತ್ರದಲ್ಲಂತೂ ಕಣ್ಣನ್ನು ನಂಬುವಂತಿಲ್ಲ. ಆಗ ಬಲಬದಿಯ ಡಯಲನ್ನು ನೋಡಬೇಕು. ಅದು 0 ದಾಟಿದ್ದರೆ ಮಾತ್ರ ಎಡಗಡೆಯ ಅಂಕಿ ಪೂರ್ಣವಾಗಿದೆ.

ಒಂದು ಉದಾಹರಣೆ. ನಾಲ್ಕು ಡಯಲುಗಳ ಪೈಕಿ ಸಾವಿರದ ಮುಳ್ಳು 3 ಮತ್ತು 4ರ ನಡುವೆ, ನೂರರದು 7ರ ಮೇಲೆ, ಹತ್ತರದು 9 ಮತ್ತು 0 ನಡುವೆ, ಬಿಡಿಯದು 4ನ್ನು ತುಸು ದಾಟಿದೆ. ಆತುರದ ಗುಮಾಸ್ತರು 3794 ಎಂದು ಬರೆಯುತ್ತಾರೆ. ಆದರೆ ಹತ್ತರ ಡಯಲ್ ಇನ್ನೂ 9ರಲ್ಲೇ ಇರುವುದರಿಂದ ನೂರು 7ನ್ನು ಮುಟ್ಟಿಲ್ಲ. ಸರಿಯಾದ ರೀಡಿಂಗ್ 3694. ಹಿಂದಿನ ರೀಡಿಂಗ್ 3512 ಆಗಿದ್ದರೆ ವ್ಯತ್ಯಾಸ 182. 100/5 ಅನುಪಾತದ ಸಿ.ಟಿ. ಇದ್ದು, ಮೀಟರಿನ ಅಂಕಿಗಳಲ್ಲಿ ಅದು ಮೊದಲೇ ಸೇರಿಲ್ಲದಿದ್ದರೆ, 20ರಿಂದ ಗುಣಿಸಬೇಕು: 3640 ಯೂನಿಟ್. ತಪ್ಪು ಓದಿನಲ್ಲಿ ಇದೇ 5640 ಆಗುತ್ತದೆ.

ಈಗಿನ ರೀಡಿಂಗ್ ಹಿಂದಿನದಕ್ಕಿಂತ ಕಡಿಮೆಯಿದ್ದರೆ ಮೀಟರ್ ಒಂದು ಸುತ್ತು ಮುಗಿಸಿದೆಯೆಂದು 10000 ಕೂಡಿಸಿ ಕಳೆಯಬೇಕು. ಹಾಗೆ ಕೂಡಿಸಿದ ಮೇಲೆ ಬಳಕೆ ವಿಪರೀತವೆನಿಸಿದರೆ, ಹಿಂದಿನ ತಿಂಗಳ ಚಿತ್ರವನ್ನೇ ಮರಳಿ ಓದುವುದು ಲೇಸು.

ಹೆಚ್ಚಾಗಿ ಬರೆದ 2000 ಯೂನಿಟ್ ಮುಂದಿನ ತಿಂಗಳು ತಾನಾಗಿಯೇ ಕಡಿಮೆಯಾಗುತ್ತದೆ, ನಿಜ. ಆದರೆ ನಡುವೆ ಬಾಡಿಗೆದಾರರು ಬದಲಾದರೆ ಹೋದವರ ಹಣ ಬಂದವರ ಖಾತೆಗೆ ಸೇರುತ್ತದೆ.