ತಲೆಗೊಂದಲ್ಲ, ಮನೆಗೊಂದು ಉಡುಗೊರೆ

ಗೃಹಪ್ರವೇಶಕ್ಕೆ 200 ಜನ ಬರುತ್ತಾರೆ, ಉಡುಗೊರೆಗೆಂದು ಎತ್ತಿಟ್ಟಿರುವುದು 6000 ರೂಪಾಯಿ ಎಂದುಕೊಳ್ಳಿ. ತಲೆಗೊಂದರಂತೆ ಕೊಟ್ಟರೆ ಒಂದಕ್ಕೆ 30 ರೂಪಾಯಿ. ಅಷ್ಟಕ್ಕೆ ಸಿಗುವುದು ಮೂಲೆ ಸೇರುವ ಪ್ಲಾಸ್ಟಿಕ್ ಡಬ್ಬಿ. ಅದರ ಬದಲು ಮನೆಗೊಂದರಂತೆ ಲೆಕ್ಕ ಹಾಕಿ: 70 ಮನೆ, ಅನಿರೀಕ್ಷಿತವಾಗಿ ಬರುವವರಿಗೆ ಇನ್ನೈದು. ಆಗ ಒಂದಕ್ಕೆ 80 ರೂಪಾಯಿ ಆಗುತ್ತದೆ. ಇದರಲ್ಲೇ ತಾಂಬೂಲದ ಚೀಲದ ಖರ್ಚನ್ನೂ ಕಳೆಯಿರಿ.

ಉಳಿದ ಹಣಕ್ಕೆ ಸ್ಟೀಲ್ ಬಟ್ಟಲು ನೋಡಬಹುದು. ಬೆಂಗಳೂರಿನ ಚಿಕ್ಕಪೇಟೆಯಂಥ ಸಗಟು ಪೇಟೆಯಲ್ಲಿ ವಿಚಾರಿಸುವಾಗ ಬಟ್ಟಲಿನ ಅಗಲಕ್ಕೆ ಮರುಳಾಗಬೇಡಿ. ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಬಳುಕಿದರೆ ತಗಡು ತೆಳು. ಅಂಚು ಮಡಿಸಿರದಿದ್ದರೆ ತೊಳೆಯುವಾಗ ಕೈ ಕೊಯ್ಯುತ್ತದೆ. ಹೆಸರು ಕೆತ್ತಿಸಿದ ಮೇಲೆ ಮಿಕ್ಕಿದ್ದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದು ಕಷ್ಟ. ಹೆಸರಿನ ಚೀಟಿಯನ್ನು ಚೀಲಕ್ಕೆ ಅಂಟಿಸಿದರೆ ಸಾಕು.