ಕೆಂಪು ಮೆಣಸಿನಕಾಯಿ ಹಳದಿಯಾಗಿ ಬಂದರೆ

ಬೇಸಿಗೆಯ ಒಂದು ಬೆಳಿಗ್ಗೆ ಬ್ಯಾಡಗಿಯ ಆನ್‌ಲೈನ್ ಸೆಂಟರಿನ ಅಕ್ಕನಿಂದ ಫೋನ್ ಬಂತು. "ಯಣ್ಣಾ, ಖಾರದ ಪುಡಿ ಲೇಬಲ್ ಹೊಡದ್ರ ಅರಿಶಿಣ ಪುಡೀದು ಹೊಡದಂಗ ಬರಾಕತ್ತೈತಿ. ಎಂಟು ಸಲ ಕ್ಲೀನಿಂಗ್ ಕೊಟ್ಟೇನಿ, ಕೆಂಪು ಬರವಲ್ದು."

ಫೋನಿನಲ್ಲೇ ಅರ್ಧ ರೋಗ ಗೊತ್ತಾಯಿತು. ಪ್ರಿಂಟರಿನಲ್ಲಿ ಕೆಂಪು ಶಾಯಿ ಅಂತ ಇರುವುದಿಲ್ಲ. ಗುಲಾಬಿಗೆ ಹತ್ತಿರದ ಮಜೆಂಟಾ, ಹಳದಿ, ಆಕಾಶನೀಲಿಯ ಸಯಾನ್ ಮತ್ತು ಕಪ್ಪು, ಇಷ್ಟೇ. ಮಜೆಂಟಾ ಮೇಲೆ ಹಳದಿ ಬಿದ್ದರೆ ಅದು ಕೆಂಪು. ಮಜೆಂಟಾ ನಿಂತರೆ ಬ್ಯಾಡಗಿ ಮೆಣಸಿನಕಾಯಿ ಹಳದಿಯಾಗುತ್ತದೆ. ಸಯಾನ್ ನಿಂತಿದ್ದರೆ ಗಿಡದ ಎಲೆ ಹಳದಿಯಾಗುತ್ತಿತ್ತು, ಮೆಣಸಿನಕಾಯಿ ಕೆಂಪಗೇ ಇರುತ್ತಿತ್ತು. ಯಾವ ವಸ್ತುವಿನ ಬಣ್ಣ ಕೆಟ್ಟಿದೆ ಎಂದು ನೋಡಿದರೆ ಯಾವ ಶಾಯಿ ಕೈಕೊಟ್ಟಿದೆ ಎಂದು ಹೇಳಬಹುದು. ಯಾಕೆ ಕೈಕೊಟ್ಟಿತು ಎಂಬುದನ್ನು ಮಾತ್ರ ಹೋಗಿಯೇ ನೋಡಬೇಕು.

ಅಂಗಡಿಯಲ್ಲಿದ್ದದ್ದು ಇಂಕ್ ಟ್ಯಾಂಕ್ ಪ್ರಿಂಟರ್. ಇದರ ಹೆಡ್ಡಿನ ಅಡಿಯಲ್ಲಿ ಸಾಲುಸಾಲು ರಂಧ್ರಗಳಿರುತ್ತವೆ. ನಾಝಲ್ ಅಂತ ಕರೆಯುವುದು ಅವನ್ನೇ. ಒಂದೊಂದು ನಾಝಲ್ ನಮ್ಮ ತಲೆಗೂದಲಿಗಿಂತ ಸಣ್ಣದು. ಕೆಲವು ಕಂಪನಿಗಳ ಹೆಡ್ಡಿನಲ್ಲಿ ವಿದ್ಯುತ್ ಕೊಟ್ಟರೆ ಬಾಗುವ ಹರಳು ಶಾಯಿಯನ್ನು ಹೊರಗೆ ಒತ್ತುತ್ತದೆ. ಇನ್ನು ಕೆಲವುಗಳಲ್ಲಿ ಪುಟ್ಟ ಹೀಟರ್ ಕ್ಷಣಾರ್ಧದಲ್ಲಿ ಕಾದು, ಶಾಯಿಯಲ್ಲಿ ಆವಿಯ ಗುಳ್ಳೆ ಎಬ್ಬಿಸಿ, ಹನಿಯನ್ನು ಚಿಮ್ಮಿಸುತ್ತದೆ. ಹನಿ ಎಷ್ಟು ಸಣ್ಣದೆಂದರೆ ಒಂದು ಮಿಲಿಲೀಟರ್ ಶಾಯಿಯಿಂದ ಇಪ್ಪತ್ತು ಕೋಟಿಗೂ ಹೆಚ್ಚು ಹನಿಗಳಾಗುತ್ತವೆ. ಶಾಯಿಯಲ್ಲಿ ಹೆಚ್ಚಿನ ಪಾಲು ನೀರು. ಬೇಗ ಒಣಗದಿರಲಿ ಎಂದು ಗ್ಲಿಸರಿನ್ ತರಹದ ದ್ರವ ಬೆರೆಸಿರುತ್ತಾರೆ. ಆದರೂ ಬ್ಯಾಡಗಿಯ ಒಣ ಬಿಸಿಲಿನಲ್ಲಿ ತೆರೆದ ಬಾಯಿಯ ಹನಿ ಎಷ್ಟು ಹೊತ್ತು ಹಸಿಯಾಗಿದ್ದೀತು?

ಅದಕ್ಕೇ ಪ್ರಿಂಟರಿನ ಒಂದು ಮೂಲೆಯಲ್ಲಿ ರಬ್ಬರ್ ಅಂಚಿನ ಮುಚ್ಚಳ ಇರುತ್ತದೆ. ಕೆಲಸ ಮುಗಿದ ಮೇಲೆ ಹೆಡ್ ಅಲ್ಲಿಗೆ ಹೋಗಿ ಕೂರಬೇಕು. ಇಲ್ಲಿ ಆದದ್ದೇ ಬೇರೆ. ಪ್ರಿಂಟ್ ಆಗುತ್ತಿದ್ದಾಗಲೇ ಕರೆಂಟ್ ಹೋಗಿದೆ, ಅಕ್ಕ ಬೋರ್ಡಿನ ಸ್ವಿಚ್ ಆರಿಸಿ ಮದುವೆಗೆ ಹೋಗಿದ್ದಾರೆ. ಐದು ದಿನ ಹೆಡ್ ನಡುದಾರಿಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಕರೆಂಟ್ ಬಂದ ಮೇಲೆ ಒಮ್ಮೆ ಚಾಲೂ ಮಾಡಿ, ಪ್ರಿಂಟರಿನದೇ ಬಟನ್ ಒತ್ತಿ ಆರಿಸಿದ್ದರೆ ಅದು ತಾನಾಗಿ ಮುಚ್ಚಳದ ಮೇಲೆ ಹೋಗಿ ಕೂರುತ್ತಿತ್ತು.

ಮೊದಲು ನಾಝಲ್ ಚೆಕ್ ಪುಟ ತೆಗೆಸಿದೆ. ಪ್ರತಿ ಬಣ್ಣಕ್ಕೂ ಮೆಟ್ಟಿಲಿನ ಹಾಗೆ ಸಣ್ಣ ಸಣ್ಣ ಗೆರೆಗಳು ಬರುತ್ತವೆ. ಒಂದೊಂದು ಗೆರೆ ಒಂದೊಂದು ನಾಝಲಿನ ಹಾಜರಿ. ಮಜೆಂಟಾದಲ್ಲಿ ಅರ್ಧಕ್ಕಿಂತ ಹೆಚ್ಚು ಗೈರು. ಒಂದು ಪುಟ ನೋಡಿ ಕ್ಲೀನಿಂಗ್ ಒತ್ತುವುದು ಎಲ್ಲರೂ ಮಾಡುವ ತಪ್ಪು. ನಾನು ನಡುವೆ ಏನೂ ಮಾಡದೆ ಇನ್ನೆರಡು ಪುಟ ತೆಗೆಸಿ ಮೂರನ್ನೂ ಪಕ್ಕಪಕ್ಕ ಇಟ್ಟೆ. ಖಾಲಿ ಜಾಗ ಮೂರರಲ್ಲೂ ಒಂದೇ ಕಡೆ ಇದ್ದರೆ ಅಲ್ಲಿ ಶಾಯಿ ಒಣಗಿ ಗಟ್ಟಿಯಾಗಿದೆ. ಪುಟದಿಂದ ಪುಟಕ್ಕೆ ಖಾಲಿ ಜಾಗ ಸರಿದಾಡಿದರೆ ಅದು ಗಾಳಿ. ನಳಿಕೆಯಲ್ಲಿ ಗುಳ್ಳೆ ಸೇರಿದೆ, ಇಲ್ಲವೇ ಟ್ಯಾಂಕಿನಲ್ಲಿ ಶಾಯಿ ಕೆಳಗಿನ ಗೆರೆ ದಾಟಿದೆ. ಚೆಕ್ ಪುಟ ಚೊಕ್ಕ ಬಂದೂ ದೊಡ್ಡ ಚಿತ್ರ ಅರ್ಧಕ್ಕೆ ಮಂಕಾದರೆ ಶಾಯಿ ಬೇಕಾದ ವೇಗದಲ್ಲಿ ಹರಿಯುತ್ತಿಲ್ಲ ಎಂದರ್ಥ. ಹಳದಿಯ ಗೆರೆ ಬಿಳಿ ಹಾಳೆಯಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಕತ್ತಲಲ್ಲಿ ಹಾಳೆಯ ಮೇಲೆ ಮೊಬೈಲಿನ ನೀಲಿ ಪರದೆ ಹಿಡಿದರೆ ಅದು ಕಪ್ಪಾಗಿ ಕಾಣುತ್ತದೆ.

ಇಲ್ಲಿ ಖಾಲಿ ಜಾಗ ಕದಲಿರಲಿಲ್ಲ. ಒಣಗಿದ ಶಾಯಿಗೆ ಬೇಕಾದದ್ದು ಎಳೆತವಲ್ಲ, ನೆನೆಯುವ ಹೊತ್ತು. ಕ್ಲೀನಿಂಗ್ ಅಂದರೆ ಮುಚ್ಚಳದ ಕೆಳಗಿನ ಪಂಪು ನಾಝಲ್‌ಗಳಿಂದ ಶಾಯಿ ಹೀರುವುದು. ಒಂದು ಬಣ್ಣ ಕೆಟ್ಟಿದ್ದರೂ ಸಾಮಾನ್ಯವಾಗಿ ನಾಲ್ಕನ್ನೂ ಹೀರುತ್ತದೆ, ಹೀರಿದ್ದೆಲ್ಲ ಒಳಗಿನ ವೇಸ್ಟ್ ಪ್ಯಾಡಿಗೆ ಸೇರುತ್ತದೆ. ಆ ಪ್ಯಾಡ್ ತುಂಬಿತೆಂದು ಲೆಕ್ಕ ಮುಗಿದ ದಿನ ಪ್ರಿಂಟರ್ ಕೆಲಸವನ್ನೇ ನಿಲ್ಲಿಸಬಹುದು. ಎರಡು ಸಲ ಕೊಟ್ಟು ಸುಧಾರಿಸದಿದ್ದರೆ ಆರೇಳು ಗಂಟೆ ಸುಮ್ಮನೆ ಬಿಡುವುದು ಲೇಸು.

ಟಾರ್ಚ್ ಹಾಕಿ ನೋಡಿದರೆ ಮುಚ್ಚಳದ ರಬ್ಬರ್ ಅಂಚಿನ ಮೇಲೆ ಕಾಗದದ ನಾರು, ಕೆಂಪು ಧೂಳು. ಸಂತೆಯ ದಿನ ಪೇಟೆಯ ಘಾಟು ಅಂಗಡಿಯೊಳಗೂ ಬರುತ್ತದಲ್ಲ, ಅದರ ಜೊತೆ ಬಂದದ್ದಿರಬೇಕು. ಅಂಚಿನಲ್ಲಿ ಒಂದು ನಾರು ಕೂತರೂ ಗಾಳಿ ನುಸುಳುತ್ತದೆ; ಪಂಪು ಶಾಯಿಯ ಬದಲು ಗಾಳಿಯನ್ನೇ ಎಳೆಯುತ್ತದೆ. ಎಂಟು ಸಲ ಕೊಟ್ಟ ಕ್ಲೀನಿಂಗ್ ವ್ಯರ್ಥವಾದದ್ದು ಹೀಗೆ. ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳದೊಳಗಿನ ಸ್ಪಂಜಿಗೆ ಆರೇಳು ಹನಿ ಬ್ಯಾಟರಿ ನೀರು ಬಿಟ್ಟೆ. ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮಾತ್ರ, ಆ್ಯಸಿಡ್ ಅಲ್ಲ. ಬೋರಿನ ನೀರು ಬೇಡವೇ ಬೇಡ. ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವ ನೀರು ನಾಝಲಿನಲ್ಲಿ ಸುಮ್ಮನಿರುತ್ತದೆಯೇ? ಹೆಡ್ಡನ್ನು ಅದರ ಮೇಲೆ ಕೂರಿಸಿ, ಬಟನ್ನಿನಿಂದ ಆರಿಸಿ, ಹಾವೇರಿಗೆ ವಾಪಸಾದೆ.

ಮರುದಿನ ಒಂದೇ ಕ್ಲೀನಿಂಗಿಗೆ ನಾಲ್ಕು ಗೆರೆ ಬಿಟ್ಟು ಉಳಿದವೆಲ್ಲ ಹಾಜರು. ಆಮೇಲೆ ಕ್ಲೀನಿಂಗ್ ಕೊಡಲಿಲ್ಲ. ಪುಟದ ತುಂಬ ಬರೀ ಮಜೆಂಟಾ ತುಂಬಿದ ಹಾಳೆ ಏಳೆಂಟು ತೆಗೆದೆವು. ಖರ್ಚಾಗುವುದು ಬೇಕಾದ ಬಣ್ಣವೊಂದೇ, ಹರಿವಿಗೆ ಉಳಿದ ಗಡ್ಡೆಯೂ ಕರಗುತ್ತದೆ. ಮೆಣಸಿನಕಾಯಿ ಕೆಂಪಾಯಿತು.

ರಾಣೇಬೆನ್ನೂರಿನ ಬೀಜದಂಗಡಿಯೊಂದರ ಪ್ರಿಂಟರಿನ ರೋಗವೂ ಹೊರನೋಟಕ್ಕೆ ಇದೇ: ಬಿಲ್ಲಿನ ಅಕ್ಷರಗಳ ನಡುವೆ ಬಿಳಿ ಗೆರೆ. ಆದರೆ ಅದು ಕಾರ್ಟ್ರಿಜ್ಜಿಗೇ ಹೆಡ್ ಅಂಟಿಕೊಂಡು ಬರುವ ಜಾತಿ. ಹೀಗಾಗಿ ಹೊರತೆಗೆದು ನೋಡುವ ಅನುಕೂಲವಿದೆ. ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬೆಚ್ಚಗಿನ ಬ್ಯಾಟರಿ ನೀರಿನಲ್ಲಿ ನೆನೆಸಿ, ಅದರ ಮೇಲೆ ನಾಝಲ್ ಮುಖವನ್ನು ಒಂದು ನಿಮಿಷ ಒತ್ತಿಟ್ಟೆ. ಉಜ್ಜಬಾರದು. ಕಪ್ಪು ಪಟ್ಟಿ ಎಲ್ಲೂ ಕಡಿಯದೆ ಮೂಡಿತು. ಶಾಯಿ ಬರುತ್ತಿದೆ ಅಂದ ಮೇಲೆ ಬಾರದಿರುವುದು ಅಪ್ಪಣೆ.

ಆ ಅಪ್ಪಣೆ ಬರುವುದು ಕಾರ್ಟ್ರಿಜ್ಜಿನ ಬೆನ್ನಿನ ಹೊಳೆಯುವ ಚುಕ್ಕೆಗಳ ಮೂಲಕ. ನೂರಾರು ನಾಝಲ್‌ಗಳಿಗೆ ಒಂದೊಂದು ತಂತಿ ಎಳೆಯಲಾಗದು. ಒಂದು ಚುಕ್ಕೆಗೆ ಒಂದು ಗುಂಪು. ಚುಕ್ಕೆ ಕೊಳೆಯಾದರೆ ಗುಂಪಿಗೆ ಗುಂಪೇ ಗೈರು. ಒಣಗಿದ ಶಾಯಿ ಅಲ್ಲೊಂದು ಇಲ್ಲೊಂದು ಹಲ್ಲು ಕಿತ್ತ ಹಾಗೆ ಬಿಟ್ಟರೆ, ಸಂಪರ್ಕದ ದೋಷ ಲೆಕ್ಕವಿಟ್ಟಂತೆ ಬಿಡುತ್ತದೆ. ಇಲ್ಲಿಯ ಬಿಳಿ ಗೆರೆಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಆಗಿತ್ತು.

ಸಿರಿಂಜಿನಿಂದ ರೀಫಿಲ್ ಮಾಡುವಾಗ ಸೋರಿದ ಶಾಯಿ ಚುಕ್ಕೆಗಳ ಮೇಲೆ ಒಣಗಿತ್ತು. ನಾರು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿ ನಾಝಲಿನ ಕಡೆಗೆ ಹೋಗದಂತೆ ಒರೆಸಿದೆ. ಪ್ಲಗ್ ಕಿತ್ತು ಪ್ರಿಂಟರಿನೊಳಗಿನ ಪಿನ್ನುಗಳನ್ನೂ ಹಾಗೇ ಒರೆಸಿದೆ. ಅಂಗಡಿಯ ಹುಡುಗ ಚುಕ್ಕೆ ಉಜ್ಜಲು ರಬ್ಬರ್ ಹುಡುಕಿ ತಂದಿದ್ದ. ಬೇಡ ಅಂದೆ, ಮೇಲಿನ ಚಿನ್ನದ ಲೇಪ ತೀರ ತೆಳು. ಹತ್ತು ನಿಮಿಷ ಆರಲು ಬಿಟ್ಟು ಹಾಕಿದಾಗ ಗೆರೆ ಹೋಯಿತು.

ಖುಷಿಯಾಗಿ ಅಂಗಡಿಯವರು ಡ್ರಾಯರಿನಿಂದ ಬಣ್ಣದ ಕಾರ್ಟ್ರಿಜ್ ಒಂದನ್ನು ತೆಗೆದುಕೊಟ್ಟರು. ಟಿಶ್ಯೂ ಮೇಲೆ ಮೂರೂ ಬಣ್ಣ ಚೆನ್ನಾಗಿ ಇಳಿದವು, ಚುಕ್ಕೆಗಳೂ ಹೊಳೆಯುತ್ತಿದ್ದವು, ಪುಟದಲ್ಲಿ ಮಾತ್ರ ಸಯಾನ್ ಇಲ್ಲ. ಕೇಳಿದರೆ, ಸಯಾನ್ ಮುಗಿದ ಮೇಲೂ ಎರಡು ದಿನ ಅದರಲ್ಲೇ ಬಿಲ್ಲು ಹೊಡೆದು, ಆಮೇಲೆ ರೀಫಿಲ್ ಮಾಡಿದ್ದಾರೆ. ಈ ಜಾತಿಯ ಹೆಡ್ಡಿನ ಹೀಟರುಗಳಿಗೆ ತಂಪು ಅಂದರೆ ಶಾಯಿಯೇ. ಒಣ ಕಾದು ಅವು ಸುಟ್ಟಿದ್ದವು. ಅದಕ್ಕೆ ನನ್ನ ಬಳಿ ಮದ್ದಿರಲಿಲ್ಲ.